ಬೀದಿ ನಾಯಿಯ ಫೋಟೊ ನೋಡಿ ‘ಮುಧೋಳ ಮಿಕ್ಸ್’ ಎನ್ನುವ ಮುನ್ನ

ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯಿಂದ ನನಗೆ ಬರುವ ಫೋಟೊಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಉದ್ದ ಕಾಲಿನ, ಹೊಟ್ಟೆ ಒಳಸರಿದ, ಕೆಂಚು ಬಣ್ಣದ ಒಂದು ನಾಯಿ. ಕೆಳಗೆ ಒಂದೇ ಸಾಲು: ‘ಇದು ಮುಧೋಳ ಮಿಕ್ಸ್ ಅಲ್ಲವೇ?’ ಕಪ್ಪು ಬೆನ್ನು, ಕಂದು ಹುಬ್ಬು ಇದ್ದರೆ ರಾಟ್‌ವೀಲರ್ ಮಿಕ್ಸ್, ಕಿವಿ ಜೋತಿದ್ದರೆ ಲ್ಯಾಬ್ರಡಾರ್ ಮಿಕ್ಸ್. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವ ಬದಲು, ಫೋಟೊ ನೋಡುವಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಹೆಚ್ಚು ಕೇಳಿಬರುವುದು ಮುಧೋಳದ ಹೆಸರೇ ಆದ್ದರಿಂದ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಬೇಕಾಗುವ ಸಾಮಾನು ಕಡಿಮೆ: ಒಂದು ಮೊಬೈಲ್, ಒಂದು ಅಳತೆ ಟೇಪು, ಬರೆದುಕೊಳ್ಳಲು ಒಂದು ಹಾಳೆ. ಜೊತೆಗೆ ಆ ಓಣಿಯಲ್ಲಿ ಹತ್ತಾರು ವರ್ಷಗಳಿಂದ ಇರುವ ಒಬ್ಬರ ಪರಿಚಯ ಬೇಕು. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಆದರೆ ಎಷ್ಟೋ ಸಲ ಫೋಟೊಗಿಂತ ಹೆಚ್ಚು ಹೇಳುವುದು ಅವರೇ.

ಮೊದಲು ‘ತಳಿ’ ಎಂಬ ಮಾತಿನ ಅರ್ಥ

‘ಯಾವ ತಳಿಗಳ ಮಿಶ್ರಣ?’ ಎಂದು ಕೇಳುವಾಗ ಬೀದಿ ನಾಯಿ ಯಾವುದೋ ಎರಡು ಮೂರು ತಳಿಗಳು ಬೆರೆತು ಹುಟ್ಟಿದ್ದು ಎಂದು ನಾವು ಆಗಲೇ ಒಪ್ಪಿಕೊಂಡಿರುತ್ತೇವೆ. ಅಲ್ಲೇ ದಾರಿ ತಪ್ಪುತ್ತದೆ. ತಳಿ ಎಂದರೆ, ಮನುಷ್ಯರು ಕೆಲವೇ ನಾಯಿಗಳನ್ನು ಆರಿಸಿ, ಅವುಗಳನ್ನು ತಮ್ಮತಮ್ಮಲ್ಲೇ ಕೂಡಿಸಿ, ವಂಶಾವಳಿ ಬರೆದಿಟ್ಟು ಬೆಳೆಸಿಕೊಂಡು ಬಂದ ಒಂದು ಗುಂಪು. ಈ ಪದ್ಧತಿ ಬಹಳ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಜರ್ಮನ್ ಶೆಫರ್ಡ್ ತಳಿಗೆ ಜರ್ಮನಿಯಲ್ಲಿ ಸಂಘ ಕಟ್ಟಿದ್ದು 1899ರಲ್ಲಿ. ನಮ್ಮ ಊರ ನಾಯಿಗಳು ಅದಕ್ಕಿಂತ ಸಾವಿರಾರು ವರ್ಷ ಮೊದಲಿನಿಂದಲೂ ಇಲ್ಲಿವೆ. ಅವು ತಳಿಗಳು ಬೆರೆತು ಉಳಿದ ಅವಶೇಷವಲ್ಲ. ತಳಿಗಳು ಹುಟ್ಟುವುದಕ್ಕೂ ಮೊದಲಿದ್ದ ನಾಯಿಗಳ ನೇರ ಸಂತತಿ.

ಇದು ಅಭಿಮಾನದ ಮಾತಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 38 ದೇಶಗಳ 549 ಊರ ನಾಯಿಗಳ ಡಿಎನ್ಎಯನ್ನು 161 ತಳಿಗಳ ನಾಯಿಗಳ ಡಿಎನ್ಎ ಜೊತೆ ಹೋಲಿಸಿದರು. ಭಾರತ, ವಿಯೆಟ್ನಾಂ, ಈಜಿಪ್ಟಿನ ಊರ ನಾಯಿಗಳಲ್ಲಿ ಯುರೋಪಿನ ನಾಯಿಗಳ ಬೆರಕೆ ಇಲ್ಲವೇ ಇಲ್ಲ ಅಥವಾ ತೀರ ಕಡಿಮೆ ಎಂದು ಕಂಡುಬಂತು. ದಕ್ಷಿಣ ಅಮೆರಿಕದ ಬೀದಿ ನಾಯಿಗಳ ಕಥೆ ಬೇರೆ. ಅವು ಬಹುಮಟ್ಟಿಗೆ ಯುರೋಪಿನಿಂದ ಬಂದವುಗಳ ಸಂತತಿ. ಅಮೆರಿಕದಲ್ಲಿ ಕುಳಿತು ಬರೆದ ‘ನಿಮ್ಮ ನಾಯಿಯ ಮಿಶ್ರಣ ಗುರುತಿಸಿ’ ಎಂಬ ಪಟ್ಟಿಗಳು ನಮ್ಮ ಓಣಿಗೆ ಹೊಂದದಿರುವುದು ಇದಕ್ಕೇ.

ಪೇಟೆಗಳಲ್ಲಿ ಸಾಕಿದ ತಳಿಗಳು ಹೆಚ್ಚಿದಂತೆ ಬೆರಕೆಯೂ ನಡೆಯುತ್ತಿದೆ, ನಿಜ. ಆದ್ದರಿಂದ ಕೇಳಬೇಕಾದ ಸರಿಯಾದ ಪ್ರಶ್ನೆ ಇದು: ‘ಇದು ಊರ ನಾಯಿ ಎಂದುಕೊಂಡರೆ ವಿವರಿಸಲು ಆಗದಂಥ ಲಕ್ಷಣ ಏನಾದರೂ ಇದೆಯೇ?’

ಹಂತ 1: ಅಳತೆಗೆ ಒದಗುವ ಫೋಟೊ ತೆಗೆಯಿರಿ

ನಾಯಿಯ ಮೂತಿಯ ಮುಂದೆ ಮೊಬೈಲ್ ಹಿಡಿದು ತೆಗೆದ ಫೋಟೊದಿಂದ ಏನನ್ನೂ ಹೇಳಲಾಗದು. ಅರ್ಧ ಮೀಟರ್ ದೂರದಿಂದ ತೆಗೆದರೆ ಮೂಗು ಹಿಗ್ಗಿ, ಕಿವಿ ಕುಗ್ಗಿ, ಯಾವ ನಾಯಿಯ ಮುಖವೂ ಉದ್ದವಾಗಿ ಕಾಣುತ್ತದೆ. ನಿಂತುಕೊಂಡು ಮೇಲಿನಿಂದ ತೆಗೆದರೆ ಕಾಲು ಗಿಡ್ಡವಾಗುತ್ತದೆ; ನೆಲಕ್ಕೆ ಮೊಬೈಲ್ ತಾಗಿಸಿ ತೆಗೆದರೆ ಅದೇ ನಾಯಿ ಬೇಟೆನಾಯಿಯಂತೆ ಕಾಣುತ್ತದೆ. ‘ಮುಧೋಳ’ ಎಂದು ನನಗೆ ಬಂದ ಹಲವು ಫೋಟೊಗಳಲ್ಲಿ ಉದ್ದ ಕಾಲು ನಾಯಿಯದಾಗಿರಲಿಲ್ಲ, ಮೊಬೈಲ್ ಹಿಡಿದ ಕೋನದ್ದಾಗಿತ್ತು.

ಸುಮಾರು ಮೂರು ಮೀಟರ್ ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮೊಬೈಲನ್ನು ನಾಯಿಯ ಹೆಗಲಿನ ಮಟ್ಟಕ್ಕೆ ಹಿಡಿದು, ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ. ನಾಯಿ ನಾಲ್ಕು ಕಾಲಿನ ಮೇಲೆ ನಿಂತಿರುವಾಗ ಪಕ್ಕದಿಂದ ಒಂದು, ಮುಖ ನೇರವಾಗಿ ಕಾಣುವಂತೆ ಒಂದು, ಬಾಲ ಕಾಣುವಂತೆ ಹಿಂದಿನಿಂದ ಒಂದು ಸಾಕು. ರಾಯಚೂರಿನ ಬೇಸಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕೆಂಚು ಬಣ್ಣ ಬಿಳಿಯಾಗಿ, ಕಂದು ಬಣ್ಣ ಕಪ್ಪಾಗಿ ಮೂಡುತ್ತದೆ; ಬೆಳಿಗ್ಗೆ ಎಂಟರ ಒಳಗೆ ತೆಗೆಯಿರಿ. ಬಾಲವನ್ನು ನಾಯಿ ನೆಮ್ಮದಿಯಾಗಿ ನಡೆಯುವಾಗ ನೋಡಬೇಕು. ಹೆದರಿದ ನಾಯಿ ಬಾಲ ಇಳಿಸುತ್ತದೆ. ಆಗ ಸುರುಳಿ ಬಾಲವೂ ನೇರ ಬಾಲದಂತೆ ಕಾಣುತ್ತದೆ.

ಎತ್ತರಕ್ಕೆ ಒಂದು ಉಪಾಯವಿದೆ. ನಾಯಿ ಗೋಡೆಯ ಪಕ್ಕ ನಿಂತಾಗ ಫೋಟೊ ತೆಗೆದು, ಅದು ಹೋದ ಮೇಲೆ ಹೆಗಲು ಮುಟ್ಟಿದ್ದ ಕಲ್ಲನ್ನೋ ಗೋಡೆಯ ಗುರುತನ್ನೋ ನೋಡಿ ನೆಲದಿಂದ ಟೇಪಿನಲ್ಲಿ ಅಳೆಯಿರಿ. ಅಳೆಯಬೇಕಾದದ್ದು ಕುತ್ತಿಗೆ ಬೆನ್ನನ್ನು ಕೂಡುವಲ್ಲಿ ಹೆಗಲಿನ ಮೇಲ್ತುದಿಯನ್ನು, ತಲೆಯನ್ನಲ್ಲ.

ಎಚ್ಚರಿಕೆ: ಪರಿಚಯವಿಲ್ಲದ ನಾಯಿಯ ಹಲ್ಲು, ಕಾಲ್ಬೆರಳು ನೋಡಲು ಮೈಮುಟ್ಟಬೇಡಿ, ಮರಿ ಹಾಕಿದ ತಾಯಿಯ ಹತ್ತಿರವಂತೂ ಸುಳಿಯಲೇಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ಹಂತ 2: ಹುಟ್ಟಿನಿಂದ ಬಂದಿರದ ಲಕ್ಷಣಗಳನ್ನು ಹೊಡೆದುಹಾಕಿ

ಫೋಟೊದಲ್ಲಿ ಕಂಡದ್ದನ್ನೆಲ್ಲ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಹಸಿವು, ರೋಗ, ವಯಸ್ಸು, ಗಾಯಗಳಿಂದ ಬಂದವನ್ನು ಒಂದೊಂದಾಗಿ ಹೊಡೆಯುತ್ತ ಹೋಗಿ.

ನಮ್ಮ ಕಡೆ ಅತಿ ಹೆಚ್ಚು ಮೋಸ ಮಾಡುವುದು ಹಸಿವು. ಊಟ ಸಾಲದ ನಾಯಿಗೆ ಸೊಂಟ ಒಳಸರಿಯುತ್ತದೆ, ಪಕ್ಕೆಲುಬು ಕಾಣುತ್ತದೆ, ತೊಡೆಯ ಸ್ನಾಯು ಕರಗಿ ಕಾಲು ಉದ್ದವಾಗಿ ತೋರುತ್ತದೆ. ಬೇಟೆನಾಯಿಯ ಸೊಂಟವೂ ಒಳಸರಿದಿರುತ್ತದೆ, ಆದರೆ ಅದರ ಎದೆ ಆಳವಾಗಿರುತ್ತದೆ. ಪಕ್ಕದಿಂದ ನೋಡಿದರೆ ಎದೆಯ ಕೆಳಗಿನ ಗೆರೆ ಮುಂಗಾಲಿನ ಮೊಣಕೈವರೆಗೆ ಇಳಿದು ಅಲ್ಲಿಂದ ಸೊಂಟಕ್ಕೆ ಚುರುಕಾಗಿ ಏರುತ್ತದೆ. ಹಸಿದ ಊರ ನಾಯಿಯಲ್ಲಿ ಎದೆ ಅಷ್ಟು ಇಳಿದಿರುವುದಿಲ್ಲ, ಹೊಟ್ಟೆ ಮಾತ್ರ ಮೇಲೇರಿರುತ್ತದೆ. ಅನುಮಾನವಿದ್ದರೆ ಎರಡು ತಿಂಗಳು ಊಟ ಹಾಕಿ, ಜಂತುಹುಳುವಿನ ಔಷಧಿ ಕೊಡಿಸಿ, ಮತ್ತೆ ಅದೇ ಜಾಗದಲ್ಲಿ ಫೋಟೊ ತೆಗೆಯಿರಿ. ಎಷ್ಟೋ ‘ಮುಧೋಳ’ಗಳು ಈ ಎರಡು ತಿಂಗಳಲ್ಲಿ ಕಣ್ಮರೆಯಾಗುವುದನ್ನು ನಾನು ನೋಡಿದ್ದೇನೆ.

ಕಜ್ಜಿ ಹತ್ತಿ ಕೂದಲುದುರಿದ ಬಾಲ ಬೇಟೆನಾಯಿಯ ತೆಳು ಬಾಲದಂತೆ ಕಾಣುತ್ತದೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಅದು ಸಂತಾನಹರಣ ಚಿಕಿತ್ಸೆ ಆಗಿದೆ ಎಂಬ ಸೂಚನೆ, ತಳಿಯ ಲಕ್ಷಣವಲ್ಲ. ಜಗಳದಲ್ಲಿ ಕಚ್ಚಿಸಿಕೊಂಡು ಮೃದ್ವಸ್ಥಿ ಮುರಿದ ಕಿವಿ ಜೀವನಪೂರ್ತಿ ಜೋತಿರಬಹುದು. ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳ ರಸ್ತೆಯ ಪಕ್ಕದ ನಾಯಿಗಳಿಗೆ ಕೆಂಪು ಧೂಳಿನ ಬಣ್ಣ ಬಂದಿರುತ್ತದೆ. ಬಣ್ಣವನ್ನು ಮಳೆಯಾದ ಮೇಲೆ ನೋಡಿ.

ಮರಿಗಳ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು: ಆರು ತಿಂಗಳು ತುಂಬುವವರೆಗೆ ಊಹಿಸಲೇಬೇಡಿ. ಎಲ್ಲ ಮರಿಗಳ ಕಿವಿಯೂ ಮೊದಲು ಜೋತಿರುತ್ತವೆ, ಎಲ್ಲವುಗಳ ಮೂತಿಯೂ ಮೊಂಡಾಗಿರುತ್ತದೆ, ಬಣ್ಣವೂ ಬದಲಾಗುತ್ತದೆ. ಒಂದು ತಿಂಗಳ ಮರಿಯನ್ನು ‘ಲ್ಯಾಬ್ ಮಿಕ್ಸ್’ ಎಂದು ದತ್ತು ಕೊಡುವವರು ಕೊಡುತ್ತಿರುವುದು ಕೇವಲ ಒಂದು ಮರಿಯನ್ನು. ಆ ಹೆಸರಿಗೆ ಯಾವ ಆಧಾರವೂ ಇರುವುದಿಲ್ಲ.

ಹಂತ 3: ಮೊದಲು ಊರ ನಾಯಿಯ ಜೊತೆ ಹೋಲಿಸಿ

ಉಳಿದ ಲಕ್ಷಣಗಳನ್ನು ತಳಿಗಳ ಚಿತ್ರಗಳ ಜೊತೆ ಹೋಲಿಸುವ ಮುನ್ನ ಊರ ನಾಯಿಯ ಜೊತೆ ಹೋಲಿಸಿ. ನಮ್ಮ ಊರ ನಾಯಿ ಮಧ್ಯಮ ಗಾತ್ರದ್ದು. ಹೆಗಲ ಎತ್ತರ ಸುಮಾರು 45ರಿಂದ 60 ಸೆಂಟಿಮೀಟರ್. ತಲೆ ಬೆಣೆಯ ಆಕಾರದ್ದು, ಎಂದರೆ ಕಿವಿಗಳ ನಡುವೆ ಅಗಲವಾಗಿ ಮೂಗಿನತ್ತ ಮೊನಚಾಗುತ್ತದೆ. ಕಿವಿ ಸಾಮಾನ್ಯವಾಗಿ ನೆಟ್ಟಗಿರುತ್ತವೆ, ಕೆಲವಕ್ಕೆ ತುದಿ ಮಡಚಿರುತ್ತದೆ. ಕೂದಲು ಗಿಡ್ಡ, ಬಾಲ ಬೆನ್ನಿನ ಮೇಲೆ ಬಾಗಿರುತ್ತದೆ. ಬಣ್ಣ ಕೆಂಚು, ಕಪ್ಪು, ಬಿಳಿ, ಇವುಗಳ ಯಾವುದೇ ಜೋಡಣೆ. ಎದೆಯ ಮೇಲಿನ ಬಿಳಿ, ಕಾಲ್ಬೆರಳಿನ ಬಿಳಿ, ಕಂದು ಹುಬ್ಬು, ನಾಲಗೆಯ ಮೇಲಿನ ಕಪ್ಪು ಮಚ್ಚೆ, ಇವೆಲ್ಲ ಊರ ನಾಯಿಯಲ್ಲೂ ಇರಬಹುದಾದಂಥವೇ.

ಇನ್ನು ಮುಧೋಳ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ಬೇಟೆನಾಯಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ‘ಕ್ಯಾರವಾನ್ ಹೌಂಡ್’ ಎಂಬ ಹೆಸರಿನಲ್ಲಿ ದಾಖಲಿಸುತ್ತದೆ. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳ್ಯಂ ನಾಯಿಗಳ ಜೊತೆ ಇದಕ್ಕೂ ಒಂದು ಚೀಟಿ ಬಂತು. ಇದರ ಎತ್ತರ ಸುಮಾರು 65ರಿಂದ 72 ಸೆಂಟಿಮೀಟರ್. ತಲೆ ಉದ್ದ ಮತ್ತು ಕಿರಿದು. ಕಿವಿಗಳ ನಡುವೆಯೂ ಅಗಲ ಹೆಚ್ಚಿರುವುದಿಲ್ಲ. ಕಿವಿಗಳು ತಲೆಗೆ ಅಂಟಿಕೊಂಡಂತೆ ಜೋತಿರುತ್ತವೆ. ಬಾಲ ಕೆಳಗಿನಿಂದ ಹೊರಟು ತೆಳುವಾಗಿ ಉದ್ದಕ್ಕೆ ಇಳಿದು ತುದಿಯಲ್ಲಿ ಮಾತ್ರ ಬಾಗುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಪೂರ ಮೈ, ಕೆಂಚು ಬಣ್ಣ, ಗಿಡ್ಡ ಕೂದಲು ಎರಡರಲ್ಲೂ ಇವೆ ಎಂಬುದು ತಿಳಿಯುತ್ತದೆ. ಜನ ಮುಧೋಳ ಎಂದು ಗುರುತಿಸುವುದು ಬಹುಪಾಲು ಈ ಮೂರರಿಂದಲೇ. ಬೇರ್ಪಡಿಸುವ ಲಕ್ಷಣಗಳು ಎತ್ತರ, ತಲೆಬುರುಡೆಯ ಅಗಲ, ಎದೆಯ ಆಳ, ಬಾಲ ಹೊರಡುವ ಜಾಗ. ಅವುಗಳನ್ನೇ ನೋಡಿ.

ಹಂತ 4: ಪ್ರತಿ ಲಕ್ಷಣಕ್ಕೂ ತೂಕ ಹಾಕಿ

ಈ ಹಂತವನ್ನು ನಿಧಾನವಾಗಿ ಓದಿ. ರೂಪ ನೋಡಿ ವಂಶ ಹೇಳುವುದು ಏಕೆ ಕೈಕೊಡುತ್ತದೆ ಎಂಬ ಕಾರಣ ಇಲ್ಲಿದೆ.

ಜೀನ್ ಅಥವಾ ವಂಶವಾಹಿ ಎಂದರೆ ತಂದೆ ತಾಯಿಯಿಂದ ಮರಿಗೆ ಬರುವ ಸೂಚನೆಯ ಒಂದು ತುಣುಕು. ನಾಯಿಯಲ್ಲಿ ಇಂಥವು ಸುಮಾರು 20,000 ಇವೆ. ಆದರೆ ನಮ್ಮ ಕಣ್ಣು ಮೊದಲು ಹಿಡಿಯುವ ಲಕ್ಷಣಗಳನ್ನು ನಿರ್ಧರಿಸುವುದು ಅವುಗಳಲ್ಲಿ ಬೆರಳೆಣಿಕೆಯವು. 2009ರ ಒಂದು ಅಧ್ಯಯನದ ಪ್ರಕಾರ, ಕೂದಲು ಉದ್ದವೋ ಗಿಡ್ಡವೋ, ಗುಂಗುರೋ ನೇರವೋ, ಮೀಸೆ ಗಡ್ಡ ಇದೆಯೋ ಇಲ್ಲವೋ ಎಂಬ ವ್ಯತ್ಯಾಸಗಳ ಬಹುಪಾಲನ್ನು ಮೂರೇ ಜೀನ್‌ಗಳು ವಿವರಿಸುತ್ತವೆ. ಡ್ಯಾಶ್‌ಹೌಂಡ್ ನಾಯಿಯ ಗಿಡ್ಡ ಕಾಲಿಗೆ ಮುಖ್ಯ ಕಾರಣ ಒಂದೇ ಒಂದು ಜೀನಿನ ಹೆಚ್ಚುವರಿ ಪ್ರತಿ. ಅಂದರೆ ನಾಯಿಯ ಹೊರ ರೂಪ ಅದರ ಇಡೀ ವಂಶದ ಸಾರಾಂಶವಲ್ಲ. ಇಪ್ಪತ್ತು ಸಾವಿರ ಪುಟಗಳ ಗ್ರಂಥದಲ್ಲಿ ನಮ್ಮ ಕಣ್ಣಿಗೆ ಬಿದ್ದ ಐದಾರು ಪುಟ.

ಇದರಿಂದ ಎರಡು ದಿಕ್ಕಿನಲ್ಲೂ ತಪ್ಪಾಗುತ್ತದೆ. ಮುಧೋಳದ ಗಂಡು, ಊರ ಹೆಣ್ಣು ಕೂಡಿದರೆ ಮರಿಗೆ ಅರ್ಧ ಪಾಲು ಮುಧೋಳದ್ದು. ಆ ಮರಿ ಊರ ನಾಯಿಯನ್ನೇ ಕೂಡಿದರೆ ಮುಂದಿನ ಪೀಳಿಗೆಗೆ ಸರಾಸರಿ ಕಾಲು ಪಾಲು, ಅದರ ಮುಂದಕ್ಕೆ ಎಂಟರಲ್ಲೊಂದು. ಕಿರಿದಾದ ತಲೆಬುರುಡೆ, ಆಳವಾದ ಎದೆಯಂಥ ಲಕ್ಷಣಗಳಿಗೆ ಹಲವು ಜೀನ್‌ಗಳು ಒಟ್ಟಿಗೆ ಬೇಕು. ಅವು ಚದುರಿಹೋದರೆ ಕಾಲು ಪಾಲು ಮುಧೋಳ ಇದ್ದರೂ ನಾಯಿ ಅಪ್ಪಟ ಊರ ನಾಯಿಯಂತೆ ಕಾಣಬಹುದು. ಇತ್ತ ಗಿಡ್ಡ ಕಾಲಿನಂಥ ಒಂದೇ ಜೀನಿನ ಲಕ್ಷಣ ಪೀಳಿಗೆಯಿಂದ ಪೀಳಿಗೆಗೆ ಹಾಗೇ ದಾಟಿಬರಬಹುದು. ಉಳಿದ ಡ್ಯಾಶ್‌ಹೌಂಡ್ ಪಾಲೆಲ್ಲ ಕರಗಿದ್ದರೂ ನಾಯಿ ‘ಅರ್ಧ ಡ್ಯಾಶ್‌ಹೌಂಡ್’ನಂತೆ ತೋರುತ್ತದೆ.

ಮೂರನೆಯ ತೊಡಕು ಅಡಗಿರುವ ಗುಣಗಳದ್ದು. ಕೆಲವು ಗುಣಗಳು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತವೆ. ಒಬ್ಬರಿಂದ ಮಾತ್ರ ಬಂದರೆ ಒಳಗೇ ಅಡಗಿರುತ್ತವೆ. ಇವನ್ನು ದುರ್ಬಲ ಗುಣಗಳು ಎನ್ನುತ್ತಾರೆ. ಕಪ್ಪು ಮೈ, ಕಂದು ಹುಬ್ಬು, ಕಂದು ಕಾಲಿನ ವಿನ್ಯಾಸ ಕೆಂಚು ಬಣ್ಣದ ಎದುರು ದುರ್ಬಲ. ಕೆಂಚು ತಂದೆ, ಕೆಂಚು ತಾಯಿ, ಇಬ್ಬರಲ್ಲೂ ಈ ಗುಣ ಅಡಗಿದ್ದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು-ಕಂದಾಗಿ ಹುಟ್ಟುತ್ತದೆ. ಅಂಥ ಮರಿಯನ್ನು ಕಂಡಾಗ ‘ರಾಟ್‌ವೀಲರ್ ಬಂದು ಹೋಗಿರಬೇಕು’ ಎನ್ನುವುದು ಓಣಿಯ ಮಾತು. ಯಾರೂ ಬಂದಿರಬೇಕಾಗಿಲ್ಲ. ಈ ವಿನ್ಯಾಸ ರಾಟ್‌ವೀಲರ್ ತಳಿಗಿಂತ ಎಷ್ಟೋ ಹಳೆಯದು.

ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ಬಸೆಂಜಿ, ಕಾಕರ್ ಸ್ಪ್ಯಾನಿಯಲ್ ತಳಿಗಳನ್ನು ಕೂಡಿಸಿ ಮರಿ ಬೆಳೆಸಿ, ಫಲಿತಾಂಶವನ್ನು 1965ರಲ್ಲಿ ಪ್ರಕಟಿಸಿದರು. ಅಜ್ಜ ಅಜ್ಜಿಯರು ಯಾರೆಂದು ಪ್ರತಿ ಮರಿಗೂ ಲೆಕ್ಕವಿತ್ತು. ಆದರೂ ಎರಡನೆಯ ಪೀಳಿಗೆಯ ಮರಿಗಳು ಒಂದಕ್ಕೊಂದು ಹೋಲುತ್ತಿರಲಿಲ್ಲ. ಹಲವನ್ನು ನೋಡಿದರೆ ಬಸೆಂಜಿಯೂ ನೆನಪಾಗುವುದಿಲ್ಲ, ಸ್ಪ್ಯಾನಿಯಲ್ಲೂ ನೆನಪಾಗುವುದಿಲ್ಲ.

ಹಾಗಾದರೆ ಯಾವ ಲಕ್ಷಣಕ್ಕೆ ಎಷ್ಟು ತೂಕ? ನನ್ನ ಅಳತೆ ಹೀಗಿದೆ. ಬಣ್ಣ, ಮಚ್ಚೆ, ಹುಲಿಪಟ್ಟೆ, ಕಂದು ಹುಬ್ಬು, ಜೋತ ಕಿವಿ, ಸಪೂರ ಮೈ, ಇವಕ್ಕೆ ತೂಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಉದ್ದ ಕೂದಲು, ಮೀಸೆ ಗಡ್ಡ, ಗಿಡ್ಡ ಸೊಟ್ಟ ಕಾಲು, ಚಪ್ಪಟೆ ಮೂತಿ ನಮ್ಮ ಊರ ನಾಯಿಯಲ್ಲಿ ಸಾಮಾನ್ಯವಾಗಿ ಕಾಣದಂಥವು. ಇವುಗಳಲ್ಲಿ ಒಂದಿದ್ದರೆ ವಂಶದಲ್ಲಿ ಎಲ್ಲೋ ಸಾಕಿದ ತಳಿಯೊಂದು ಸೇರಿರುವ ಸಂಭವ ಹೆಚ್ಚು. ಆದರೆ ಯಾವ ತಳಿ, ಎಷ್ಟು ಪಾಲು ಎಂಬುದನ್ನು ಅವು ಹೇಳುವುದಿಲ್ಲ. ಎತ್ತರ, ತಲೆಬುರುಡೆ, ಎದೆ, ಬಾಲ ಈ ನಾಲ್ಕೂ ಒಟ್ಟಿಗೆ ಒಂದೇ ದಿಕ್ಕಿಗೆ ಕೈತೋರಿದರೆ ಮಾತ್ರ ಮುಧೋಳದ ಮಾತಿಗೆ ಬಲ ಬರುತ್ತದೆ.

ಹಂತ 5: ಓಣಿಯ ಲೆಕ್ಕ ಹಾಕಿ

ಒಂದೇ ಫೋಟೊ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಅರ್ಥವಾಗಲೆಂದು ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಊರಿನಲ್ಲಿ 1000 ಬೀದಿ ನಾಯಿಗಳಿವೆ; ಅವುಗಳಲ್ಲಿ 20ಕ್ಕೆ ಮಾತ್ರ ನಿಜವಾಗಿ ಮುಧೋಳದ ತಂದೆಯೋ ಅಜ್ಜನೋ ಇದ್ದಾನೆ. ಆ 20ರಲ್ಲಿ 16 ಸಪೂರವಾಗಿ, ಉದ್ದ ಕಾಲಿನದಾಗಿ ಕಾಣುತ್ತವೆ ಎನ್ನೋಣ. ಉಳಿದ 980 ಊರ ನಾಯಿಗಳಲ್ಲಿ ಹತ್ತಕ್ಕೊಂದು, ಅಂದರೆ 98, ಹಸಿವಿನಿಂದಲೋ ಸಹಜವಾಗಿಯೋ ಹಾಗೆಯೇ ಕಾಣುತ್ತವೆ. ಒಟ್ಟು 114 ‘ಮುಧೋಳದಂಥ’ ನಾಯಿಗಳಾದವು, ನಿಜವಾದವು 16. ನೂರಕ್ಕೆ 14. ಲಕ್ಷಣ ಎಷ್ಟೇ ಚೆನ್ನಾಗಿ ಹೊಂದಿದರೂ ಊಹೆ ಏಳರಲ್ಲಿ ಆರು ಸಲ ತಪ್ಪುತ್ತದೆ.

ಈಗ ಇನ್ನೊಂದು ಊರು. ಅಲ್ಲಿ ಪ್ರತಿ ವರ್ಷ ಸುಗ್ಗಿಯ ನಂತರ ಕುರಿಗಾರರು ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ, ಜೊತೆಗೆ ಬೇಟೆನಾಯಿಗಳೂ ಬರುತ್ತವೆ. 1000ದಲ್ಲಿ 100ಕ್ಕೆ ಮುಧೋಳದ ಪಾಲಿದೆ. ಅದೇ ಲೆಕ್ಕದಲ್ಲಿ ನಿಜವಾದವು 80, ಹಾಗೆ ಕಾಣುವ ಊರ ನಾಯಿಗಳು 90. ಊಹೆ ಸರಿಯಾಗುವ ಸಂಭವ ನೂರಕ್ಕೆ 47ಕ್ಕೆ ಏರಿತು. ಫೋಟೊ ಬದಲಾಗಲಿಲ್ಲ, ಊರು ಬದಲಾಯಿತು.

ಆದ್ದರಿಂದ ಆ ಹಳಬರನ್ನು ಕೇಳಿ: ಕಳೆದ ನಾಲ್ಕೈದು ವರ್ಷಗಳಲ್ಲಿ ಓಣಿಯಲ್ಲಿ ಯಾರ ಮನೆಯಲ್ಲಿ ಯಾವ ನಾಯಿ ಇತ್ತು? ಅದನ್ನು ಬಿಡುತ್ತಿದ್ದರೇ, ಕಟ್ಟಿಹಾಕುತ್ತಿದ್ದರೇ? ಕುರಿಮಂದೆ ಎಲ್ಲಿ ನಿಲ್ಲುತ್ತದೆ? ಬಳ್ಳಾರಿಯ ಬಡಾವಣೆಯಲ್ಲಿ ಸಿಗುವ ಉತ್ತರ ಪೊಮೆರೇನಿಯನ್, ಪಗ್, ಲ್ಯಾಬ್ರಡಾರ್ ಆಗಿರಬಹುದು. ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಮುಧೋಳ. ಎಲ್ಲಿಯೂ ಯಾರೂ ಸಾಕಿರದ ಬಸೆಂಜಿಯ ಹೆಸರನ್ನು ಅಂತರ್ಜಾಲದ ಚಿತ್ರ ನೋಡಿ ಹೇಳಬೇಡಿ. ಬಸೆಂಜಿ ಊರ ನಾಯಿಯನ್ನು ಹೋಲುತ್ತದೆ, ನಿಜ. ಆದರೆ ಅದು ಮಧ್ಯ ಆಫ್ರಿಕಾದ ಊರ ನಾಯಿಗಳಿಂದಲೇ ಬಂದ ತಳಿ.

ಇನ್ನೊಂದು ಎಚ್ಚರಿಕೆ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಬಹುದು. ಹೆಣ್ಣು ನಾಯಿ ಬೆದೆಗೆ ಬಂದ ದಿನಗಳಲ್ಲಿ ಹಲವು ಗಂಡುಗಳ ಜೊತೆ ಕೂಡುತ್ತದೆ. ಒಂದು ಮರಿಯ ತಂದೆ ಇವನೆಂದು ಗೊತ್ತಾದರೂ ಅದರ ಒಡಹುಟ್ಟಿದವಕ್ಕೆ ಅದನ್ನೇ ಹೇಳಲಾಗದು.

ಹಂತ 6: ಒಂದು ನಾಯಿಯ ಮೇಲೆ ಇದೆಲ್ಲವನ್ನೂ ಹಚ್ಚಿ ನೋಡೋಣ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಬಳಿ ಇರುವ ಒಂದು ಹೆಣ್ಣು ನಾಯಿ. ವಯಸ್ಸು ಮೂರರ ಆಸುಪಾಸು. ಕೆಂಚು ಬಣ್ಣ, ಉದ್ದ ಕಾಲು, ತೀರ ಒಳಸರಿದ ಸೊಂಟ, ಒಂದು ಕಿವಿ ನೆಟ್ಟಗೆ, ಒಂದು ಜೋತದ್ದು, ಕೆಳಗಿಳಿದ ಬಾಲ. ನಾಲ್ಕು ಮರಿಗಳು: ಮೂರು ಕೆಂಚು, ಒಂದು ಕಪ್ಪು ಮೈಗೆ ಕಂದು ಹುಬ್ಬಿನದು. ಫೋಟೊ ಕಳುಹಿಸಿದವರ ಊಹೆ: ‘ತಾಯಿ ಮುಧೋಳ ಮಿಕ್ಸ್, ಕಪ್ಪು ಮರಿಯ ತಂದೆ ರಾಟ್‌ವೀಲರ್’.

ಫೋಟೊ ನೆಲಮಟ್ಟದಿಂದ ತೆಗೆದದ್ದಾಗಿತ್ತು. ಮತ್ತೆ ಹೆಗಲ ಮಟ್ಟದಿಂದ ತೆಗೆಸಿ, ಗಿರಣಿಯ ಗೋಡೆಯ ಗುರುತಿನಿಂದ ಅಳೆಸಿದಾಗ ಎತ್ತರ 54 ಸೆಂಟಿಮೀಟರ್ ಬಂತು. ಊರ ನಾಯಿಯ ಅಳತೆಯ ಒಳಗೇ ಇದೆ, ಮುಧೋಳಕ್ಕೆ ಬಹಳ ಕಡಿಮೆ. ಸೊಂಟ ಒಳಸರಿದದ್ದಕ್ಕೆ ಕಾರಣ ಮೊಲೆಯುಣಿಸುವ ತಾಯಿಯ ಹಸಿವು. ಮರಿಗಳು ಹಾಲು ಬಿಟ್ಟು ಎರಡು ತಿಂಗಳ ಮೇಲೆ ತೆಗೆದ ಫೋಟೊದಲ್ಲಿ ಹೊಟ್ಟೆಯ ಗೆರೆ ಸಾಮಾನ್ಯವಾಗಿತ್ತು, ಎದೆ ಮೊಣಕೈಗಿಂತ ಸಾಕಷ್ಟು ಮೇಲೆಯೇ ನಿಂತಿತ್ತು. ಜೋತ ಕಿವಿಯ ಬುಡದಲ್ಲಿ ಹಳೆಯ ಕಚ್ಚಿದ ಗಾಯದ ಕಲೆ ಇತ್ತು. ಬಾಲ ಇಳಿದಿದ್ದದ್ದು ಅಪರಿಚಿತರು ಹತ್ತಿರ ಬಂದ ಭಯಕ್ಕೆ. ಗಿರಣಿಯ ಹಮಾಲರೊಬ್ಬರು ಕರೆದಾಗ ತೆಗೆದ ವಿಡಿಯೊದಲ್ಲಿ ಅದು ಬೆನ್ನಿನ ಮೇಲೆ ಪೂರ್ತಿ ಬಾಗಿತ್ತು. ತಲೆ ಬೆಣೆಯಾಕಾರದ್ದು. ಮುಧೋಳ ಎನ್ನಲು ಉಳಿದದ್ದು ಕೆಂಚು ಬಣ್ಣ ಮಾತ್ರ.

ಓಣಿಯ ಲೆಕ್ಕ: ಭತ್ತದ ಕೊಯ್ಲಿನ ನಂತರ ಅರ್ಧ ಕಿಲೋಮೀಟರ್ ದೂರದಲ್ಲಿ ಕುರಿಮಂದೆ ನಿಲ್ಲುತ್ತದೆ, ಬೇಟೆನಾಯಿಗಳೂ ಇರುತ್ತವೆ. ಆದ್ದರಿಂದ ಮುಧೋಳದ ಪಾಲು ಇರಲು ಸಾಧ್ಯವೇ ಇಲ್ಲ ಎನ್ನಲಾಗದು. ಆದರೆ ನಾಯಿಯ ಮೈಮೇಲೆ ಅದಕ್ಕೆ ಸಾಕ್ಷಿಯಿಲ್ಲ. ರಾಟ್‌ವೀಲರ್ ಆ ಕಡೆ ಯಾರೂ ಸಾಕಿದ್ದು ಹಳಬರಿಗೆ ಗೊತ್ತಿಲ್ಲ. ಕಪ್ಪು ಮರಿಗೆ ಅಡಗಿದ್ದ ಗುಣವೇ ಸಾಕಾದ ಕಾರಣ. ಆರು ತಿಂಗಳಾದಾಗ ಅದರ ಕಿವಿ ನೆಟ್ಟಗಾಗಿ, ಮೂತಿ ಮೊನಚಾಗಿ ತಾಯಿಯಂತೆಯೇ ಆಗಿತ್ತು.

ಡಿಎನ್ಎ ಪರೀಕ್ಷೆ ಮಾಡಿಸಬೇಕೆಂದರೆ

ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ಕಳುಹಿಸುವ ಪರೀಕ್ಷೆ ಫೋಟೊಗಿಂತ ಬಹಳ ಮೇಲು. ಆದರೆ ಆ ಪರೀಕ್ಷೆ ಮಾಡುವುದು ಹೋಲಿಕೆಯನ್ನು: ನಿಮ್ಮ ನಾಯಿಯ ಡಿಎನ್ಎಯನ್ನು ಪ್ರಯೋಗಾಲಯದ ಸಂಗ್ರಹದಲ್ಲಿರುವ ತಳಿಗಳ ಜೊತೆ ಹೋಲಿಸುತ್ತದೆ. ಸಂಗ್ರಹದಲ್ಲಿ ಮುಧೋಳ ಇಲ್ಲದಿದ್ದರೆ ಉತ್ತರದಲ್ಲಿ ಮುಧೋಳ ಬರಲು ಸಾಧ್ಯವೇ ಇಲ್ಲ. ಭಾರತದ ಊರ ನಾಯಿಯೂ ಇಲ್ಲದಿದ್ದರೆ, ಸಂಬಂಧವೇ ಇಲ್ಲದ ಏಳೆಂಟು ವಿದೇಶಿ ತಳಿಗಳ ಚೂರುಪಾರು ಶೇಕಡಾವಾರು ಬರುತ್ತದೆ. ಅದು ಮಿಶ್ರಣದ ಗುರುತಲ್ಲ. ಸರಿಯಾದ ಹೋಲಿಕೆ ಸಿಗದ ಗುರುತು. ಹಣ ಕಟ್ಟುವ ಮುನ್ನ ಈ ಎರಡು ಹೆಸರುಗಳು ನಿಮ್ಮ ಪಟ್ಟಿಯಲ್ಲಿವೆಯೇ ಎಂದು ಬರಹದಲ್ಲಿ ಕೇಳಿ. ಮೊಲೆಯುಣ್ಣುವ ಮರಿಯಿಂದ ಮಾದರಿ ತೆಗೆಯಬೇಡಿ. ತಾಯಿಯ ಜೀವಕೋಶಗಳು ಬೆರೆಯುತ್ತವೆ.

ಫೋಟೊ ನೋಡಿ ಹೇಳುವುದರಲ್ಲಿ ಅನುಭವಿಗಳೂ ಎಷ್ಟು ಎಡವುತ್ತಾರೆ ಎಂಬುದಕ್ಕೆ 2018ರ ಅಮೆರಿಕದ ಅಧ್ಯಯನವೊಂದು ಸಾಕ್ಷಿ. ಎರಡು ನಾಯಿ ಆಶ್ರಯತಾಣಗಳ 900ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಪರೀಕ್ಷಿಸಿದಾಗ, ಅಲ್ಲಿನ ಸಿಬ್ಬಂದಿಯ ಊಹೆಯಲ್ಲಿ ಕನಿಷ್ಠ ಒಂದು ತಳಿಯಾದರೂ ಹೊಂದಿದ್ದು ನೂರಕ್ಕೆ 67 ನಾಯಿಗಳಲ್ಲಿ. ಒಂದಕ್ಕಿಂತ ಹೆಚ್ಚು ತಳಿ ಸರಿಯಾಗಿ ಹೇಳಲಾದದ್ದು ನೂರಕ್ಕೆ 10ರಲ್ಲಿ ಮಾತ್ರ. ದಿನವೂ ನಾಯಿಯನ್ನು ಎದುರಿಗೇ ನೋಡುವವರು ಅವರು. ಮೇಲಾಗಿ ಅಲ್ಲಿನ ನಾಯಿಗಳು ನಿಜವಾಗಿಯೂ ತಳಿಗಳ ಮಿಶ್ರಣ.

ಹಂತ 7: ಉತ್ತರವನ್ನು ಬರೆಯುವ ರೀತಿ

ದತ್ತು ಕೊಡುವವರಿಗೆ ಇದು ಮುಖ್ಯ. ‘ಮುಧೋಳ ಮಿಕ್ಸ್’ ಎಂದು ಬರೆದರೆ ತೋಟ ಕಾಯಲು, ಮೊಲ ಅಟ್ಟಲು ನಾಯಿ ಬೇಕಾದವರು ಒಯ್ಯುತ್ತಾರೆ. ವರ್ಷದೊಳಗೆ ‘ನೀವು ಹೇಳಿದಂತಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹೆಸರು ನೋಡಿ ಸ್ವಭಾವ ಹೇಳುವುದು ಸ್ವತಃ ತಳಿ ನಾಯಿಗಳಲ್ಲೇ ಕಷ್ಟ: 2022ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆಯ ಪ್ರಕಾರ ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಸುಮಾರು ನೂರಕ್ಕೆ 9 ಪಾಲನ್ನು ಮಾತ್ರ. ‘ಪಿಟ್‌ಬುಲ್ ಮಿಕ್ಸ್’, ‘ರಾಟ್‌ವೀಲರ್ ಮಿಕ್ಸ್’ ಎಂಬ ಹೆಸರುಗಳು ಇನ್ನೂ ಅಪಾಯದವು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನಿಷೇಧಿಸುವ ಸುತ್ತೋಲೆ ಹೊರಡಿಸಿತು; ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆ ನಡುವಿನ ದಿನಗಳಲ್ಲಿ, ಯಾರೋ ಬಣ್ಣ ನೋಡಿ ಬರೆದಿದ್ದ ಒಂದು ಪದ ನಾಯಿಯನ್ನು ಮನೆಯಿಂದ ಹೊರಹಾಕಿಸಬಹುದಿತ್ತು.

ಆದ್ದರಿಂದ ವಂಶವನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ಗಂಗಾವತಿಯ ಆ ಕಪ್ಪು ಮರಿಗೆ ನಾವು ಬರೆದದ್ದು ಇಷ್ಟು: ‘ಹೆಣ್ಣು, ಆರು ತಿಂಗಳು, ಊರ ನಾಯಿ. ಕಪ್ಪು ಮೈ, ಕಂದು ಹುಬ್ಬು. ತಾಯಿಯ ಎತ್ತರ 54 ಸೆಂಟಿಮೀಟರ್. ಇದೂ ಅಷ್ಟರ ಸುಮಾರಿಗೆ ಬೆಳೆಯಬಹುದು. ತಂದೆ ಗೊತ್ತಿಲ್ಲ. ಲಾರಿಯ ಸದ್ದಿಗೆ ಹೆದರುವುದಿಲ್ಲ, ಮಕ್ಕಳ ಜೊತೆ ಬೆಳೆದಿದೆ, ಕೋಳಿ ಕಂಡರೆ ಅಟ್ಟುತ್ತದೆ. ಲಸಿಕೆ ಆಗಿದೆ.’ ಒಯ್ದವರು ಕೇಳಿದ ಪ್ರಶ್ನೆ ಒಂದೇ, ಕೋಳಿಯ ಬಗ್ಗೆ. ಅವರ ಮನೆಯಲ್ಲಿ ಕೋಳಿ ಇರಲಿಲ್ಲ.